ಸಾವಕಾರರಿಗೆ ಮೊದಲ ಮೆಸೇಜು

ವೆಬ್‌ಸೈಟ್ ಮಾಡಿಕೊಡುವ ಹುಡುಗರು ಅಂಗಡಿಯವರಿಗೆ ಕಳಿಸುವ ಮೊದಲ ಮೆಸೇಜಿನಲ್ಲಿ ‘ನಿಮ್ಮ ಸೈಟ್ ಹಳೇದಾಗಿದೆ’ ಅಂತ ಬರೆಯಲೇಬಾರದು. ಹಳೇದಾಗಿದ್ದರೂ! ನಮ್ಮ ಕಡೆ ಆ ಸೈಟ್ ಮಾಡಿದವನು ಎಷ್ಟೋ ಸಲ ಸಾವಕಾರರ ಅಳಿಯನೋ, ತಮ್ಮನ ಮಗನೋ ಆಗಿರ್ತಾನೆ. ಮೇಲಾಗಿ ‘ನಿಮ್ಮ ಸೈಟಿನಲ್ಲಿ ಬಹಳ ದೋಷ ಇವೆ, ಗೂಗಲ್ ಮೊದಲ ಪುಟಕ್ಕೆ ತರ್ತೀವಿ’ ಅನ್ನುವ ಊರು-ಹೆಸರಿಲ್ಲದ ಮೆಸೇಜುಗಳು ಅವರ ಫೋನಿನಲ್ಲಿ ಬೇಕಾದಷ್ಟು ಬಿದ್ದಿರ್ತವೆ.

ಇಳಕಲ್ಲಿನ ಒಂದು ಸೀರೆ ಅಂಗಡಿ ಅಂತ ಇಟ್ಟುಕೊಳ್ಳಿ. ಸೈಟ್ ತೆರೆದರೆ ಮೇಲೆ ಓಡುವ ಅಕ್ಷರ, ಕೆಳಗೆ 2013ರ ಇಸವಿ, ಅಡ್ರೆಸ್ ಪಟ್ಟಿಯಲ್ಲಿ Not secure. (https ಇಲ್ಲದ ಎಲ್ಲ ಸೈಟಿಗೂ ಕ್ರೋಮ್ 2018ರಿಂದ ಹೀಗೆ ತೋರಿಸುತ್ತೆ.) ಡಿಸೈನರ್ ಕಣ್ಣು ಮೊದಲು ಇಲ್ಲೇ ಹೋಗುತ್ತೆ. ಆದರೆ ಓಡುವ ಅಕ್ಷರ ನೋಡಿ ಸೀರೆ ಬೇಡ ಅಂದವರನ್ನು ನಾನಂತೂ ಕಂಡಿಲ್ಲ. ನಿಜವಾದ ನಷ್ಟ ಬೇರೆ ಕಡೆ ಇದೆ: ಅಂಗಡಿಯ ನಂಬರು ಬ್ಯಾನರ್ ಚಿತ್ರದ ಒಳಗೇ ಸೇರಿದೆ. ಪುಟದಲ್ಲಿ ಈ ಸಾಲೂ ಇಲ್ಲ:

```html
<meta name="viewport" content="width=device-width, initial-scale=1">
```

ಹಾಗಾಗಿ ಕಂಪ್ಯೂಟರಿಗೆ ಮಾಡಿದ ಪುಟ ಮೊಬೈಲಿನಲ್ಲಿ ಇಡಿಯಾಗಿ ಕುಗ್ಗಿ ಕೂರುತ್ತೆ. ನಂಬರು ಓದಲು ಬರಲ್ಲ. ಹಿಗ್ಗಿಸಿ ಒತ್ತಿದರೂ ಚಿತ್ರವಾದ್ದರಿಂದ ಕಾಲ್ ಹೋಗಲ್ಲ. ಪುಣೆಯಲ್ಲಿ ಕೂತು ಕಸೂತಿ ಸೀರೆ ಮೆಚ್ಚಿದ ಅಕ್ಕ ಮುಂದಿನ ಅಂಗಡಿಗೆ ಹೋಗ್ತಾಳೆ.

ಬರೆಯುವ ಮೊದಲು ಇನ್ನೊಂದು ಫೋನಿನಲ್ಲೂ ನೋಡಿ. ಆ ನಂಬರಿಗೆ ಕಾಲ್ ಮಾಡಿ. ಅದು ಎಂದೋ ಬಂದ್ ಆದ ಲ್ಯಾಂಡ್‌ಲೈನ್ ಆಗಿದ್ದರೆ ಹೇಳಬೇಕಾದ ಮೊದಲ ಮಾತೇ ಅದು. ರಿಂಗ್ ಆಯಿತು ಅಂದರೆ ಇಷ್ಟು ಸಾಕು:

“ನಮಸ್ಕಾರ್ರೀ ಸಾವಕಾರ್ರ. ನಾ ಬಾಗಲಕೋಟಿಯಾಂವ, ವೆಬ್‌ಸೈಟ್ ಮಾಡೋ ಕೆಲಸ ನಂದು. ನಿಮ್ಮ ನಂಬರ್ ಗೂಗಲ್ ಮ್ಯಾಪಿನ್ಯಾಗ ಸಿಕ್ತು. ನಿಮ್ಮ ಸೈಟಿನ್ಯಾಗ ಕಸೂತಿ ಸೀರಿ ನೋಡಿ ಫೋನ್ ಮಾಡೂಣು ಅಂದ್ರ ನಂಬರ್ ಒತ್ತಿದ್ರ ಕಾಲ್ ಹೋಗವಲ್ದು. ಫೋಟೋ ಹಾಕೀನಿ, ನಿಮ್ಮ ಫೋನಿನ್ಯಾಗೂ ಒಮ್ಮೆ ಒತ್ತಿ ನೋಡ್ರಿ. ಸೈಟ್ ಈಗ ಯಾರು ನೋಡ್ಕೋತಾರ್ರೀ?”

ರೇಟಿಲ್ಲ, ಹಳೆ ಕೆಲಸದ ಪಿಡಿಎಫ್ ಇಲ್ಲ. ಒಂದೇ ಸ್ಕ್ರೀನ್‌ಶಾಟ್. ದೂರನ್ನು ಅವರು ನಿಂತಲ್ಲೇ ಪರೀಕ್ಷೆ ಮಾಡಬಹುದು, ನಿಮ್ಮನ್ನು ನಂಬಬೇಕಾಗಿಲ್ಲ. ಕೊನೆಯ ಪ್ರಶ್ನೆಗೆ ಒಂದೇ ಪದದ ಉತ್ತರ ಸಾಕು, ಅದರಿಂದ ಸೈಟ್ ಯಾರ ಕೈಯಲ್ಲಿದೆ ಅನ್ನೋದೂ ಗೊತ್ತಾಗುತ್ತೆ. ಇದನ್ನು ಸೈಟಿನಲ್ಲಿರುವ ಮೇಲ್ ಐಡಿಗೆ ಕಳಿಸಬೇಡಿ, ಅದರ ಪಾಸ್‌ವರ್ಡ್ ಅಳಿಯನಿಗೂ ಮರೆತಿರುತ್ತೆ. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ವಾಟ್ಸಾಪ್ ಮಾಡಿ.

‘ಅಳಿಯಗ ಹೇಳ್ತೀನಿ’ ಅಂತ ಉತ್ತರ ಬಂದರೆ, ಅಳಿಯನಿಗೆ ಮೇಲಿನ viewport ಸಾಲು ಮತ್ತು ಒತ್ತಿದರೆ ಕಾಲ್ ಹೋಗುವ `tel:` ಲಿಂಕ್ ಹಾಕುವ ಬಗೆ ಪುಕ್ಕಟೆ ತಿಳಿಸಿ. ಕೆಲಸ ಕೈಬಿಟ್ಟಂತಾಯಿತಲ್ಲ ಅಂತ ಕೆಲವರು ಅಂತಾರೆ. ಆದರೆ ಆ ಸಾಲು ಹಾಕಿದ ಕೂಡಲೇ ಹಳೇ ಪುಟದ ಅಗಲದ ಟೇಬಲ್‌ಗಳು ಮೊಬೈಲಿನಲ್ಲಿ ಪರದೆಯ ಹೊರಗೆ ಚಾಚಿಕೊಳ್ತವೆ. ಆಗ ಅಳಿಯನೇ ನಿಮಗೆ ಫೋನ್ ಮಾಡುವ ಸಾಧ್ಯತೆ ಹೆಚ್ಚು. ಹೀಗಾಗಬಹುದು ಅಂತ ಮೊದಲೇ ಹೇಳಿರಿ, ಇಲ್ಲದಿದ್ದರೆ ಸೈಟ್ ಕೆಡಿಸಿದವರು ನೀವೇ ಆಗ್ತೀರಿ.

ಇನ್ನು ಬರೇ ಹೋಲ್‌ಸೇಲ್ ಮಾಡುವವರು, ಗೊತ್ತಿರುವ ವ್ಯಾಪಾರಿಗಳಿಂದಲೇ ಆರ್ಡರ್ ಹಿಡಿಯುವವರು ಇದ್ದಾರೆ. ಅವರ ಸೈಟ್ ಎಷ್ಟೇ ಹಳೇದಿರಲಿ, ಅವರಿಗೆ ಈ ಮೆಸೇಜ್ ಕಳಿಸಲು ಹೋಗಬೇಡಿ.