ಕೆಳಗಿನ ಟ್ರೇಲ್ ನೋಡಿ

ಮಾರ್ಚ್ 11ರ ರಾತ್ರಿ ಹತ್ತು ಐವತ್ತಕ್ಕೆ ನನಗೊಂದು ಮೇಲ್ ಬಂತು. ಸಬ್ಜೆಕ್ಟ್ ಜಾಗದಲ್ಲಿ `FW: RE: RE: FW: RE: Lift B Block` ಅಂತಿತ್ತು. ಗೂಡ್ಸ್ ಗಾಡಿಯ ಬೋಗಿಗಳ ಹಾಗೆ ಒಂದರ ಹಿಂದೊಂದು. ಮೇಲ್‌ನಲ್ಲಿ ಬರೆದಿದ್ದದ್ದು ಮೂರೇ ಅಕ್ಷರ. ಎಫ್‌ವೈಐ. ಅದರ ಕೆಳಗೆ ಕಳಿಸಿದವರ ಹೆಸರು, ಹುದ್ದೆ, ಎರಡು ಮೊಬೈಲ್ ನಂಬರ್, ಮತ್ತು ಪ್ರಿಂಟ್ ತೆಗೆಯುವ ಮುನ್ನ ಪರಿಸರದ ಬಗ್ಗೆ ಯೋಚಿಸಿ ಅನ್ನುವ ಹಸಿರು ಎಲೆ. ಎಲೆಯ ಕೆಳಗೆ 43 ಮೇಲ್‌ಗಳು.

ನೀವೂ ಇಂಥದ್ದನ್ನು ಪಡೆದಿದ್ದೀರಿ. ಸುಳ್ಳು ಹೇಳಬೇಡಿ, ಕಳಿಸಿಯೂ ಇದ್ದೀರಿ.

ನಾನು ಅದೇ ವಾರ ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ ಆಗಿದ್ದೆ. ಆಗಿದ್ದೆ ಅನ್ನುವುದಕ್ಕಿಂತ, ವಾರ್ಷಿಕ ಸಭೆಗೆ ಹೋಗದೆ ಮನೆಯಲ್ಲಿ ಕೂತಿದ್ದಕ್ಕೆ ಅವಿರೋಧವಾಗಿ ಆಯ್ಕೆ ಮಾಡಿದ್ದರು. ಹಿಂದಿನ ಖಜಾಂಚಿಗಳು ಅಧಿಕಾರ ಹಸ್ತಾಂತರ ಮಾಡಿದ್ದು ಹೀಗೆ. ಒಂದೂವರೆ ವರ್ಷದ ಅನುಭವ, ಎರಡು ಬ್ಲಾಕಿನ ಜಗಳ, ಲಕ್ಷಗಟ್ಟಲೆ ದುಡ್ಡಿನ ವಿಚಾರ, ಎಲ್ಲವನ್ನೂ ಮೂರಕ್ಷರದಲ್ಲಿ ಹಿಡಿದಿಟ್ಟರು. ಹಳೇ ಕಾಲದ ಋಷಿಗಳು ಸೂತ್ರ ಬರೆಯುತ್ತಿದ್ದರಲ್ಲ, ಅವರೂ ಇಷ್ಟು ಬಿಗಿಯಾಗಿ ಬರೆದಿರಲಿಕ್ಕಿಲ್ಲ.

ಓದೋಣ ಅಂತ ಕೂತೆ. ಮೇಲ್ ಸರಣಿಯಲ್ಲಿ ಕಥೆ ಹಿಂದುಮುಂದಾಗಿ ಇರುತ್ತದೆ. ಮೊದಲು ಸಿಗುವುದು ಕ್ಲೈಮ್ಯಾಕ್ಸು. "ಓಕೆ." ಅದರ ಕೆಳಗೆ "ನೋಟೆಡ್." ಅದರ ಕೆಳಗೆ "ನೋಟೆಡ್ ವಿತ್ ಥ್ಯಾಂಕ್ಸ್." 43ರಲ್ಲಿ 14 ಇಂಥವೇ. ಏನನ್ನು ನೋಟ್ ಮಾಡಿಕೊಂಡರು ಅಂತ ತಿಳಿಯಬೇಕಾದರೆ ಪಾತಾಳಕ್ಕೆ ಇಳಿಯಬೇಕು. ಅರ್ಧ ದಾರಿ ಇಳಿದ ಮೇಲೆ ಜಿಮೇಲ್‌ಗೇ ಸುಸ್ತಾಯಿತು. ಸುಮಾರು 102 ಕೆಬಿ ದಾಟಿದರೆ ಅದು ಅಲ್ಲಿಗೇ ಕತ್ತರಿಸಿ `[Message clipped]  View entire message` ಅಂತ ಬರೆದು ಕೈ ತೊಳೆದುಕೊಳ್ಳುತ್ತದೆ. ಯಂತ್ರವೇ ಸಾಕಪ್ಪಾ ಅಂದ ಜಾಗದಿಂದ ಮುಂದಕ್ಕೆ ನಾನು ಓದಬೇಕಿತ್ತು.

ಒಬ್ಬರು "ನಾಳೆಯೊಳಗೆ ತಿಳಿಸಿ" ಅಂದಿದ್ದಾರೆ. ಯಾವ ನಾಳೆ? ಆ ನಾಳೆ ಹೋಗಿ ಮೂರು ವಾರವಾಗಿದೆ. ಇನ್ನೊಬ್ಬರು "ಮೇಲಿನ ಮೂರನೇ ಪಾಯಿಂಟ್‌ಗೆ ನನ್ನ ಒಪ್ಪಿಗೆ ಇಲ್ಲ" ಅಂದಿದ್ದಾರೆ. ಮೇಲೆ ಇದ್ದದ್ದು ಈಗ ಕೆಳಗಿದೆ. ಮತ್ತೊಬ್ಬರು ನೀಲಿ ಬಣ್ಣದಲ್ಲಿ ಉತ್ತರಿಸಿದ್ದೇನೆ ನೋಡಿ ಅಂದಿದ್ದಾರೆ. ನನಗೆ ಬರುವಷ್ಟರಲ್ಲಿ ಬಣ್ಣವೆಲ್ಲ ತೊಳೆದುಹೋಗಿ ಪ್ರಶ್ನೆ ಯಾವುದು, ಉತ್ತರ ಯಾವುದು ಒಂದೂ ಗೊತ್ತಾಗುವಂತಿರಲಿಲ್ಲ.

ಇದಕ್ಕೆಲ್ಲ ಕಿರೀಟ ಇಟ್ಟ ಹಾಗೆ ಒಂದು ಸಾಲು. "ಫೋನಿನಲ್ಲಿ ಮಾತಾಡಿದಂತೆ ಮುಂದುವರಿಯೋಣ."

ಫೋನಿನಲ್ಲಿ ಏನು ಮಾತಾಡಿದಿರಿ ಸ್ವಾಮೀ? ಬರೆದದ್ದನ್ನೆಲ್ಲ, ಹಸಿರು ಎಲೆಯ ಸಮೇತ, ಫಾರ್ವರ್ಡ್ ಹೊತ್ತು ತರುತ್ತದೆ. ಬಾಯಲ್ಲಿ ಆಡಿದ್ದನ್ನು ಮಾತ್ರ ತರುವುದಿಲ್ಲ. ನಮ್ಮ ಕಡೆ ನಿಜವಾದ ತೀರ್ಮಾನ ಆಗುವುದೆಲ್ಲ ಫೋನಿನಲ್ಲಿ, ಇಲ್ಲದಿದ್ದರೆ ಪಾರ್ಕಿಂಗ್‌ನಲ್ಲಿ ಸ್ಕೂಟರ್ ತೆಗೆಯುವಾಗ.

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಅವರು ತಾಲ್ಲೂಕು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸರ್ಕಾರಿ ಕಡತ ಅಂದರೆ ನಮಗೆಲ್ಲ ನಗು. ಧೂಳು, ಕೆಂಪು ಪಟ್ಟಿ, ಚಹಾದ ಕಲೆ. ಆದರೆ ಆ ಕಡತದಲ್ಲಿ ಎರಡು ಭಾಗ ಇರುತ್ತದೆ. ಒಂದು ಕಡೆ ಬಂದ ಹೋದ ಪತ್ರಗಳು, ಪುಟದ ಸಂಖ್ಯೆ ಹಾಕಿ ಟ್ಯಾಗಿಗೆ ಪೋಣಿಸಿದ್ದು. ಇನ್ನೊಂದು ಕಡೆ ಟಿಪ್ಪಣಿ ಹಾಳೆ. ಸಾಹೇಬರು ಓದುತ್ತಿದ್ದದ್ದು ಟಿಪ್ಪಣಿ ಮಾತ್ರ. ಅರ್ಜಿ ಯಾರದ್ದು, ಏನು ಕೇಳಿದ್ದಾರೆ, ನಿಯಮ ಏನು ಹೇಳುತ್ತದೆ, ಹಿಂದೆ ಇಂಥದ್ದಕ್ಕೆ ಏನು ಮಾಡಿದ್ದೆವು, ಪತ್ರ ವ್ಯವಹಾರದ 47ನೇ ಪುಟ ನೋಡಬಹುದು. ಅಲ್ಲಿಗೆ ಒಂದು ಕಾಗದದ ಬಾವುಟ ಸಿಕ್ಕಿಸಿರುತ್ತಿದ್ದರು. ಕೊನೆಗೆ, ಮಂಜೂರು ಮಾಡಬಹುದೇ, ಆದೇಶಕ್ಕಾಗಿ ಮಂಡಿಸಿದೆ. ಸಾಹೇಬರು ಬದಲಾದರೂ ಕಡತಕ್ಕೆ ತಲೆ ಕೆಡುತ್ತಿರಲಿಲ್ಲ. ಟಿಪ್ಪಣಿ ಬರೆಯದೆ ಬರೀ ಪತ್ರಗಳ ಕಟ್ಟು ತಗೊಂಡು ಹೋಗಿ ಮೇಜಿನ ಮೇಲಿಟ್ಟರೆ ಸಾಹೇಬರು ಕಟ್ಟನ್ನು ಬಾಗಿಲಿನಿಂದಾಚೆ ಎಸೆಯುತ್ತಿದ್ದರಂತೆ. ಅಪ್ಪ ಒಮ್ಮೆ ಆರಿಸಿಕೊಂಡು ಬಂದಿದ್ದಾರೆ. ಮತ್ತೆ ಆ ತಪ್ಪು ಮಾಡಲಿಲ್ಲ.

ಮೇಲ್ ಎಸೆಯಲು ಬರುವುದಿಲ್ಲ. ಅದೇ ತೊಂದರೆ.

ಇರಲಿ. ಒಂದೂವರೆ ಗಂಟೆ ಅಗೆದ ಮೇಲೆ ನನಗೆ ಸಿಕ್ಕಿದ್ದು ಇಷ್ಟು. ಬಿ ಬ್ಲಾಕಿನ ಲಿಫ್ಟಿನ ಉಕ್ಕಿನ ಹಗ್ಗ ಸವೆದು ಎಳೆಗಳು ಬಿಟ್ಟುಕೊಂಡಿವೆ. ಪುಲ್ಲಿಯೂ ಹೋಗಿದೆ. ಎಎಂಸಿ ಅನ್ನುವ ವರ್ಷದ ನಿರ್ವಹಣೆ ಒಪ್ಪಂದದಲ್ಲಿ ಎರಡೂ ಸೇರಿಲ್ಲ. ಲಿಫ್ಟಿನವರು ಮೊದಲು 2,46,000 ಕೇಳಿದ್ದರು. ಚೌಕಾಸಿ ಆದಮೇಲೆ ಫೆಬ್ರವರಿ 10ರಂದು 2,18,000ಕ್ಕೆ ಇಳಿದರು. ಆ ದರಪಟ್ಟಿಗೆ 30 ದಿನದ ಗಡುವು. ಕಮಿಟಿ ಒಪ್ಪಿಯೂ ಆಗಿದೆ. ಖಜಾಂಚಿ ಅರ್ಧ ದುಡ್ಡು ಮುಂಗಡ ಹಾಕಬೇಕು, ಅಷ್ಟೇ ಬಾಕಿ.

ಇದು ನನಗೆ ಗೊತ್ತಾಗಿದ್ದು ಮಾರ್ಚ್ 13ಕ್ಕೆ. ಗಡುವು ಮುಗಿದಿದ್ದು 12ಕ್ಕೆ. ಎಫ್‌ವೈಐ ಅಂದರೆ ನಿಮ್ಮ ಮಾಹಿತಿಗಾಗಿ ಅಂತ ತಾನೇ ಅರ್ಥ? ಮಾಹಿತಿ ತಾನೇ, ಬಿಡುವಾದಾಗ ನೋಡಿದರಾಯಿತು ಅಂತ ನಾನು ಎರಡು ದಿನ ತೆರೆದಿರಲಿಲ್ಲ.

ದರಪಟ್ಟಿಯನ್ನಾದರೂ ನೋಡೋಣ ಅಂದರೆ ಅದೂ ಇಲ್ಲ. ಅದು ಬಂದದ್ದು 26ನೇ ಮೇಲ್‌ನಲ್ಲಿ. 27ನೆಯದನ್ನು ಯಾರೋ ರಿಪ್ಲೈ ಒತ್ತಿ ಬರೆದಿದ್ದಾರೆ. ರಿಪ್ಲೈ ಮಾಡಿದರೆ ಲಗತ್ತುಗಳು ಉದುರಿಹೋಗುತ್ತವೆ. ಆಮೇಲೆ ಕೊನೆಯ ಮೇಲನ್ನು ಫಾರ್ವರ್ಡ್ ಮಾಡಿದರೆ ಆ ಕೊನೆಯ ಮೇಲ್‌ನಲ್ಲಿ ಇರುವುದು ಮಾತ್ರ ಬರುತ್ತದೆ. ಹಾಗಾಗಿ "ಲಗತ್ತಿಸಿದ ದರಪಟ್ಟಿ ನೋಡಿ" ಅನ್ನುವ ಮಾತು ನನ್ನವರೆಗೆ ಬಂತು, ದರಪಟ್ಟಿ ದಾರಿಯಲ್ಲೇ ಇಳಿದುಹೋಯಿತು.

ಇದರಲ್ಲಿ ನನಗೆ ತಡೆಯಲಾಗದ್ದು ಏನು ಗೊತ್ತಾ? ಹಿಂದಿನ ಖಜಾಂಚಿಗೆ ಇದೆಲ್ಲ ಬಾಯಿಪಾಠ ಇತ್ತು. ಅವರು ಐದು ನಿಮಿಷ ಕೊಟ್ಟು ಎಫ್‌ವೈಐ ಜಾಗದಲ್ಲಿ ಇಷ್ಟು ಬರೆದಿದ್ದರೆ ಸಾಕಿತ್ತು:

"ನೀವು ಮಾಡಬೇಕಾದ್ದು: ಮಾರ್ಚ್ 12ರ ಸಂಜೆಯೊಳಗೆ ಲಿಫ್ಟಿನವರಿಗೆ 1,28,620 ರೂಪಾಯಿ ಮುಂಗಡ ಹಾಕುವುದು. ಬಿ ಬ್ಲಾಕಿನ ಹಗ್ಗ ಮತ್ತು ಪುಲ್ಲಿಗೆ 2,18,000, ಶೇ 18 ಜಿಎಸ್‌ಟಿ ಸೇರಿ 2,57,240. ಅದರ ಅರ್ಧ ಇದು. ದರ 12ರವರೆಗೆ ಮಾತ್ರ. ಕಮಿಟಿ ಫೆಬ್ರವರಿ 16ರಂದು ಒಪ್ಪಿದೆ, ಆ ಮೇಲ್ ಮತ್ತು ದರಪಟ್ಟಿ ಲಗತ್ತಿಸಿದ್ದೇನೆ. ಮುಂಗಡ ಬಂದ 10 ದಿನಕ್ಕೆ ಕೆಲಸ ಮುಗಿಸುತ್ತೇವೆ ಅಂತ ಅವರು ಫೋನಿನಲ್ಲಿ ಹೇಳಿದ್ದಾರೆ, ಬರೆದು ಕೊಟ್ಟಿಲ್ಲ. ಕೆಳಗಿನದ್ದು ದಾಖಲೆಗೆ, ಓದಬೇಕಾಗಿಲ್ಲ."

ಇಷ್ಟೇ. ಮಾಡಬೇಕಾದ ಕೆಲಸ ಮೊದಲು, ಯಾಕೆಂದರೆ ಜನ ಫೋನಿನ ಪರದೆಯಲ್ಲಿ ಎರಡು ಸಾಲು ನೋಡಿ ಬೆರಳು ಸರಿಸುತ್ತಾರೆ. "ನಾಳೆ" ಬದಲು ತಾರೀಕು. ಫೋನಿನ ಮಾತು ಬರಹಕ್ಕೆ. ಯಾವುದು ಓದಬೇಕಾಗಿಲ್ಲ ಅನ್ನುವುದೂ ಬೇಕು. ಅದನ್ನು ಹೇಳದಿದ್ದರೆ ನನ್ನಂಥ ಪೆದ್ದ ಎಲ್ಲವನ್ನೂ ಓದುತ್ತಾನೆ.

ಆದರೆ ಹೀಗೆ ಬರೆದರೆ ಒಂದು ಅಪಾಯ ಇದೆ. ಬರೆದವನಿಗೆ ಜವಾಬ್ದಾರಿ ಅಂಟಿಕೊಳ್ಳುತ್ತದೆ. ಮೊತ್ತ ತಪ್ಪಾದರೆ "ನೀವೇ ಬರೆದಿದ್ದಿರಲ್ಲ" ಅನ್ನಬಹುದು. ಎಫ್‌ವೈಐಗೆ ಆ ಭಯವಿಲ್ಲ. ಅದರಲ್ಲಿ ತಪ್ಪಾಗಲು ಏನೂ ಇಲ್ಲ. ಮುಂದೊಂದು ದಿನ ಸಭೆಯಲ್ಲಿ "ನಾನು ಹನ್ನೊಂದಕ್ಕೇ ಕಳಿಸಿದ್ದೆನಲ್ಲ" ಅಂತ ಹೇಳಲು ಮಾತ್ರ ಅದು ಬೇಕು. ನನಗೆ ಬಂದದ್ದು ಮಾಹಿತಿ ಅಲ್ಲ, ರಶೀದಿ.

ಲಿಫ್ಟ್ ನಿಂತದ್ದು ಫೆಬ್ರವರಿ 24ಕ್ಕೆ. ಐದನೇ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಮಂಡಿ ನೋವು. ಆವತ್ತಿನಿಂದ ಕೆಳಗಿಳಿದಿದ್ದು ಒಂದೇ ಸಲ, ಆಸ್ಪತ್ರೆಗೆ. ಮಗ ಮತ್ತು ವಾಚ್‌ಮ್ಯಾನ್ ಸೇರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದರು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಆ ದಿನವೂ ಸರಣಿಯಲ್ಲಿ ಎರಡು "ನೋಟೆಡ್" ಬಂದಿವೆ, ನಾನು ತಾರೀಕು ನೋಡಿದೆ. ಇದನ್ನು ತಮಾಷೆಯಾಗಿ ಹೇಗೆ ಬರೆಯಬೇಕು ಅಂತ ನನಗೆ ಗೊತ್ತಾಗುತ್ತಿಲ್ಲ.

ಸರಿ, ಇನ್ನು ನನ್ನ ಸಾಹಸ ಕೇಳಿ. ದರಪಟ್ಟಿ ಕಳೆದಿದೆ, ಗಡುವು ಮೊನ್ನೆಯಷ್ಟೇ ಮುಗಿದಿದೆ. ಲಿಫ್ಟಿನವರನ್ನೇ ಕೇಳೋಣ ಅಂದುಕೊಂಡೆ. ಅವರಿಗೆ ಹಿನ್ನೆಲೆ ಗೊತ್ತಿರಲಿ ಅಂತ ಅದೇ ಸರಣಿಯಲ್ಲಿ ರಿಪ್ಲೈ ಒತ್ತಿ, ಟು ಜಾಗದಲ್ಲಿ ಅವರ ವಿಳಾಸ ಹಾಕಿದೆ. ಇಷ್ಟೆಲ್ಲ ಬೈದವನು, ನೀಟಾಗಿ ನಾಲ್ಕು ಸಾಲಿನ ಸಾರಾಂಶವನ್ನೂ ಬರೆದೆ. ಇದೇ ದರವನ್ನು ಇನ್ನೊಂದು ವಾರ ಮುಂದುವರಿಸಿ, ಪ್ರತಿ ಕಳಿಸಿ, ಅದೇ ದಿನ ಮುಂಗಡ ಹಾಕುತ್ತೇನೆ. ಹೆಮ್ಮೆಯಿಂದ ಕಳಿಸಿದೆ.

ರಿಪ್ಲೈ ಮಾಡುವಾಗ ಹಳೆಯದೆಲ್ಲ ಮೂರು ಚುಕ್ಕಿಯ ಹಿಂದೆ ಬಚ್ಚಿಟ್ಟುಕೊಂಡಿರುತ್ತದೆ. ಬರೆಯುವವನಿಗೆ ಕಾಣುವುದಿಲ್ಲ. ಪಡೆದವನು ಚುಕ್ಕಿ ಒತ್ತಿದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಆ ಚುಕ್ಕಿಗಳ ಹಿಂದೆ, 12ನೇ ಮೇಲ್‌ನಲ್ಲಿ, ನಮ್ಮ ಕಾರ್ಯದರ್ಶಿ ಕಮಿಟಿಯವರಿಗೆ ಮಾತ್ರ ಅಂತ ಬರೆದಿದ್ದರು: "ಕೇಳಿ ನೋಡೋಣ. ಬಗ್ಗದಿದ್ದರೆ 2,40,000ದವರೆಗೂ ಹೋಗಬಹುದು."

ಲಿಫ್ಟಿನವರು ಸೋಮಾರಿಗಳಲ್ಲ. ಪೂರ್ತಿ ಓದಿದ್ದಾರೆ. ಮರುದಿನವೇ ಉತ್ತರ ಬಂತು. ಉಕ್ಕಿನ ಬೆಲೆ ಏರಿರುವುದರಿಂದ ಹಳೆಯ ದರ ಸಾಧ್ಯವಿಲ್ಲ, ನಮ್ಮ ಹಳೆಯ ಬಾಂಧವ್ಯ ನೋಡಿ 2,39,500ಕ್ಕೆ ಮಾಡಿಕೊಡುತ್ತೇವೆ. ಜಿಎಸ್‌ಟಿ ಸೇರಿಸಿದರೆ ಮೊದಲಿಗಿಂತ 25,370 ರೂಪಾಯಿ ಜಾಸ್ತಿ.

ಇದನ್ನು ಕಮಿಟಿಗೆ ತಿಳಿಸಲೇಬೇಕು. ಏನಾಯಿತು, ಯಾರಿಂದಾಯಿತು, ಈಗ ಏನು ಮಾಡಬೇಕು ಅಂತ ಮೇಲ್ಗಡೆ ಸ್ಪಷ್ಟವಾಗಿ ಆರು ಸಾಲು ಬರೆದೆ. ಓದಿ ನೋಡಿದೆ. ಆರನ್ನೂ ಅಳಿಸಿದೆ. ಎಫ್‌ವೈಐ ಅಂತ ಬರೆದು ಕಳಿಸಿದೆ.