ಆಪ್ಷನ್ ಮಾರಾಟ: 30 ವಾರ ಗೆದ್ದರೆ ಲಾಟ್ ಜಾಸ್ತಿ ಮಾಡಬಹುದೇ?

"ಸತತ 30 ವಾರ ಲಾಭ ಬಂದಿದೆ, ಸ್ಟ್ರಾಟಜಿ ಪಕ್ಕಾ. ಈಗ ಲಾಟ್ ಜಾಸ್ತಿ ಮಾಡಿದ್ರೆ ತಪ್ಪೇನು?"

ಅಷ್ಟು ಗೆಲುವು ಏನನ್ನೂ ಸಾಬೀತು ಮಾಡುವುದಿಲ್ಲ. ದೂರದ ಸ್ಟ್ರೈಕ್ ಮಾರಿದರೆ ಹೆಚ್ಚಿನ ವಾರ ಗೆಲ್ಲುವುದು ಸಹಜ. ಆ ವ್ಯವಹಾರ ಇರುವುದೇ ಹಾಗೆ.

ಲಾಟ್ ಏರಿಸಲು ದುರಾಸೆಯೇ ಬೇಕಿಲ್ಲ. ಮಾರ್ಕೆಟ್ ತಣ್ಣಗಿದ್ದಷ್ಟು ದಿನ ಪ್ರೀಮಿಯಂ ಇಳಿಯುತ್ತದೆ. ಮೊದಲಿನಷ್ಟೇ ಸಂಪಾದಿಸಬೇಕು ಅಂದರೆ ಜಾಸ್ತಿ ಲಾಟ್ ಮಾರಬೇಕು. ಖಾತೆಯಲ್ಲಿ ಕೂತ ಲಾಭ ಅದಕ್ಕೆ ಮಾರ್ಜಿನ್ ಆಗುತ್ತದೆ. ಬ್ರೋಕರ್ ಸ್ಕ್ರೀನ್ ಕೂಡ ತಡೆಯುವುದಿಲ್ಲ.

ಒಂದು ಲೆಕ್ಕ ನೋಡಿ. ಲಾಟಿಗೆ ವಾರಕ್ಕೆ 500 ರೂಪಾಯಿಯಂತೆ, ಒಂದೇ ಲಾಟಿನಲ್ಲಿ 30 ವಾರಕ್ಕೆ 15,000 ಬಂತು. ಆಮೇಲೆ ಐದು ಲಾಟ್ ಮಾಡಿದಿರಿ ಅಂದುಕೊಳ್ಳಿ. 2024ರ ಜೂನ್ 4, ಚುನಾವಣಾ ಫಲಿತಾಂಶದ ದಿನ, ನಿಫ್ಟಿ ಸುಮಾರು 23,264ರಿಂದ 21,884ಕ್ಕೆ ಬಿತ್ತು. 22,500ರ ಪುಟ್ ಮಾರಿದ್ದವರು ಆ ಮಟ್ಟದಲ್ಲಿ 616 ಪಾಯಿಂಟ್ ನಷ್ಟದಲ್ಲಿ ಸಿಕ್ಕಿಬಿದ್ದರು. ಆಗ ಲಾಟ್ 25ರದ್ದು. ಅಂದರೆ ಲಾಟಿಗೆ 15,400. ಐದಕ್ಕೆ 77,000, ಪ್ರೀಮಿಯಂ ಕಳೆಯುವ ಮುನ್ನ. ಒಂದೇ ಲಾಟ್ ಇದ್ದಿದ್ದರೆ ಗಳಿಸಿದ್ದಷ್ಟೇ ಹೋಗುತ್ತಿತ್ತು, ಅಲ್ವಾ?

ಹಾಗಾಗಿ ಲಾಟ್ ನಿರ್ಧರಿಸುವಾಗ ಗೆದ್ದ ವಾರ ಎಣಿಸಬೇಡಿ. ನಾಳೆ ನಿಫ್ಟಿ 6% ಬಿದ್ದರೆ ಎಷ್ಟು ಹೋಗುತ್ತದೆ ಅಂತ ಬರೆದು ನೋಡಿ. ಸ್ಟಾಪ್‌ಲಾಸ್ ಇದೆ ಅನ್ನಬೇಡಿ, ಗ್ಯಾಪ್‌ಡೌನ್ ಆದರೆ ಅದು ನೀವು ಹಾಕಿದ ಬೆಲೆಗೆ ಸಿಗುವುದಿಲ್ಲ.