‘ತ್ರ್ಯ’ ಸ್ವಾಮಿ, ‘ತ್ಯ್ರ’ ಅಲ್ಲ

ಬೆಳಗ್ಗೆ ಹಾಲು ತರೋಕೆ ಹೋದರೆ ವೃತ್ತದಲ್ಲಿ ಆಳೆತ್ತರದ ಫ್ಲೆಕ್ಸು. ಮೇಲ್ಗಡೆ ದಪ್ಪಕ್ಷರದಲ್ಲಿ ‘ಸ್ವಾತಂತ್ಯ್ರೋತ್ಸವದ ಶುಭಾಶಯಗಳು’. ಅದರ ಕೆಳಗೆ ಎರಡನೇ ಸಾಲಲ್ಲಿ ‘ಸ್ವಾತಂರ್ತ್ಯ ಹೋರಾಟಗಾರರಿಗೆ ನಮನ’. ಒಂದೇ ಬ್ಯಾನರಿನಲ್ಲಿ ಒಂದೇ ಪದಕ್ಕೆ ಎರಡು ತಪ್ಪು, ಎರಡೂ ಬೇರೆ ಬೇರೆ ಥರ. ನನ್ನ ಕಸುಬೇ ಕರಡು ತಿದ್ದೋದು. ಜೇಬಲ್ಲಿ ಕೆಂಪು ಪೆನ್ನಿತ್ತು, ಏಣಿ ಇರಲಿಲ್ಲ.

ಆ ಸಿಟ್ಟನ್ನ ಇಲ್ಲಿ ತೀರಿಸಿಕೊಳ್ತೀನಿ.

ಸರಿಯಾದ ರೂಪ ‘ಸ್ವಾತಂತ್ರ್ಯ’. ಇದರ ಕೊನೆಯ ಅಕ್ಷರವನ್ನ ಬಿಡಿಸಿದರೆ ತ್ + ರ್ + ಯ. ಮೊದಲು ತ, ಅದಕ್ಕೆ ರ ಒತ್ತು, ಅದಾದ ಮೇಲೆ ಯ ಒತ್ತು. ಬಾಯಲ್ಲಿ ಯಾವ ಸಾಲಲ್ಲಿ ಬರುತ್ತೋ ಬರಹದಲ್ಲೂ ಅದೇ ಸಾಲು. ‘ತ್ಯ್ರ’ ಅಂತ ಬರೆದರೆ ತ್ + ಯ್ + ರ ಆಯ್ತು. ಅದನ್ನ ಒಮ್ಮೆ ಜೋರಾಗಿ ಓದಿ ನೋಡಿ. ನಾಲಿಗೆ ಒಪ್ಪಲ್ಲ. ಒಪ್ಪದಿದ್ದದ್ದನ್ನ ಕೈ ಹೇಗೆ ಒಪ್ಪುತ್ತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

‘ಸ್ವಾ’ ಬರೆಯುವಾಗ ಎಡವಿದರೆ ಕ್ಷಮಿಸಬಹುದು. ಅಲ್ಲಿ ಉಚ್ಚಾರ ಸ್ + ವ್ + ಆ, ಕೈ ಬರೆಯೋದು ಮೊದಲು ‘ಸಾ’, ಆಮೇಲೆ ವ ಒತ್ತು. ದೀರ್ಘ ಮುಂದೆ ಬಂದುಬಿಡುತ್ತೆ. ‘ಸ್ತ್ರೀ’ಯಲ್ಲೂ ಹಾಗೇ, ‘ಸೀ’ ಬರೆದು ಅದರ ಕೆಳಗೆ ತ ಒತ್ತು, ರ ಒತ್ತು. ‘ತ್ರ್ಯ’ದಲ್ಲಿ ಮಾತ್ರ ಆ ಗೊಂದಲವೇ ಇಲ್ಲ, ಯಾಕಂದ್ರೆ ತ ಮೇಲೆ ಬೇರೆ ಸ್ವರಚಿಹ್ನೆಯೇ ಇಲ್ಲ. ಕೇಳಿದ ಸಾಲಲ್ಲೇ ಬರೆದುಕೊಂಡು ಹೋದರೆ ಮುಗೀತು. ತಪ್ಪಾಗೋದು ಅಲ್ಲೇ!

ನನ್ನ ಅನುಮಾನ ಏನಪ್ಪಾ ಅಂದ್ರೆ, ನಮ್ಮ ಕೈಗೆ ಸತ್ಯ, ನಿತ್ಯ, ತ್ಯಾಗ ಎಲ್ಲ ಬರೆದೂ ಬರೆದೂ ‘ತ್ಯ’ ರೂಢಿಯಾಗಿಬಿಟ್ಟಿದೆ. ತ ಬರೆದ ಕೂಡಲೇ ಯ ಒತ್ತು ತಾನಾಗೇ ಇಳಿಯುತ್ತೆ. ಆಮೇಲೆ ‘ಅಯ್ಯೋ, ಇದರಲ್ಲೆಲ್ಲೋ ರ ಇತ್ತಲ್ಲ’ ಅಂತ ನೆನಪಾಗಿ ಖಾಲಿ ಕಂಡ ಕಡೆ ಒಂದು ಕೊಂಡಿ ಸಿಕ್ಕಿಸೋದು. ಇನ್ನು ಕೆಲವರಿಗೆ ರ ಅಂದರೆ ಅರ್ಕಾವತ್ತು ಮಾತ್ರ. ಅವರು ‘ಸ್ವಾತಂರ್ತ್ಯ’ದವರು.

ಅರ್ಕಾವತ್ತಿನ ಕಥೆ ಬೇರೆ. ರ ಮೊದಲು ಬಂದು ಇನ್ನೊಂದು ವ್ಯಂಜನ ಆಮೇಲೆ ಬಂದರೆ ಅರ್ಕಾವತ್ತು, ವ್ಯಂಜನ ಮೊದಲಾಗಿ ರ ಆಮೇಲೆ ಬಂದರೆ ರ ಒತ್ತು. ‘ಕರ್ಮ’ದಲ್ಲಿ ಮ ಮುಂಚೆ ರ ಇದೆ, ‘ಕ್ರಮ’ದಲ್ಲಿ ಕ ಆದಮೇಲೆ ರ ಇದೆ. ಇರೋದು ಅವೇ ಮೂರು ವ್ಯಂಜನ. ಆದರೆ ಕ್ರಮ ತಪ್ಪಿದರೆ ಕರ್ಮ. (ಹಳೇ ಜೋಕು, ಗೊತ್ತು. ಇವತ್ತು ಅದಕ್ಕಿಂತ ಒಳ್ಳೇದು ಹೊಳೀತಿಲ್ಲ.)

ಪದ ಹುಟ್ಟಿದ್ದು ಹೇಗೆ ಅಂತ ತಿಳಿದರೆ ಒತ್ತಿನ ಜಾಗ ಉರು ಹೊಡೆಯೋದೇ ಬೇಡ. ‘ಸ್ವತಂತ್ರ’ ಅನ್ನೋದು ಗುಣವಾಚಕ. ಸಂಸ್ಕೃತದವರು ಇದಕ್ಕೆ ಷ್ಯಞ್ ಅನ್ನೋ ಪ್ರತ್ಯಯ ಹಚ್ಚಿ ಭಾವನಾಮ ಮಾಡ್ತಾರೆ. ಆಗ ಮೊದಲ ಸ್ವರಕ್ಕೆ ವೃದ್ಧಿ ಬಂದು ‘ಸ್ವ’ ಹೋಗಿ ‘ಸ್ವಾ’ ಆಗುತ್ತೆ. ಕೊನೆಯ ಅಕಾರ ಬಿದ್ದು ‘ತ್ರ್’ ಉಳಿಯುತ್ತೆ. ಅದಕ್ಕೆ ‘ಯ’ ಸೇರಿ ‘ತ್ರ್ಯ’. ಅಂದರೆ ತ ಮತ್ತು ರ ಮೊದಲಿಂದಲೂ ಜೋಡಿ, ಯ ಆಮೇಲೆ ಬಂದ ನೆಂಟ. ನೆಂಟನನ್ನ ತಂದು ಗಂಡ ಹೆಂಡತಿ ಮಧ್ಯೆ ಕೂರಿಸಿದರೆ ‘ತ್ಯ್ರ’.

ಪವಿತ್ರದಿಂದ ಪಾವಿತ್ರ್ಯ, ದರಿದ್ರದಿಂದ ದಾರಿದ್ರ್ಯ, ವಿಚಿತ್ರದಿಂದ ವೈಚಿತ್ರ್ಯ, ಪರತಂತ್ರದಿಂದ ಪಾರತಂತ್ರ್ಯ, ಎಲ್ಲ ಇದೇ ಅಚ್ಚು. ಈಗ ‘ಸುಂದರ’ ತಗೊಳ್ಳಿ. ಅದೇ ಪ್ರತ್ಯಯ, ಆದರೆ ಇಲ್ಲಿ ರ ಒಂಟಿ, ಅದರ ಹಿಂದೆ ಇನ್ನೊಂದು ವ್ಯಂಜನ ಅಂಟಿಕೊಂಡಿಲ್ಲ. ಅಕಾರ ಬಿದ್ದಾಗ ರ್ + ಯ ಉಳಿದು ‘ಸೌಂದರ್ಯ’, ಅರ್ಕಾವತ್ತು. ಮಧುರ ಮಾಧುರ್ಯವಾಗೋದೂ ಚತುರ ಚಾತುರ್ಯವಾಗೋದೂ ಹೀಗೇ. ಆದ್ದರಿಂದ ಮೂಲಪದ ನೋಡಿಕೊಳ್ಳಿ. ಅದರಲ್ಲಿ ರ ಒತ್ತು ಇದ್ದರೆ ಹೊಸ ಪದದಲ್ಲೂ ಅದು ಅಲ್ಲೇ ಇರುತ್ತೆ, ಯ ಅದರ ಹಿಂದೆ ಬಂದು ನಿಲ್ಲುತ್ತೆ. ‘ತ್ರ್ಯಂಬಕ’ನ ಹುಟ್ಟು ಬೇರೆ. ತ್ರಿ + ಅಂಬಕ, ಯಣ್ ಸಂಧಿಯಲ್ಲಿ ಇ ಹೋಗಿ ಯ ಬಂತು. ಅಲ್ಲೂ ತ್ರ ಮೊದಲು, ಯ ಆಮೇಲೆ. ಶಿವನನ್ನ ‘ತ್ಯ್ರಂಬಕ’ ಮಾಡಿದ ಲಗ್ನಪತ್ರಿಕೆಗಳನ್ನ ಶಿವನೇ ಕ್ಷಮಿಸಲಿ.

ಹಾಂ, ಇದೇ ಲೆಕ್ಕದಲ್ಲಿ ‘ಸ್ವಾತಂತ್ರ್ಯತೆ’, ‘ಪಾವಿತ್ರ್ಯತೆ’ ಅನ್ನೋದು ಅಂಗಿ ಮೇಲೆ ಅಂಗಿ. ಸ್ವತಂತ್ರತೆ ಸರಿ, ಸ್ವಾತಂತ್ರ್ಯವೂ ಸರಿ, ಎರಡನ್ನೂ ಒಟ್ಟಿಗೆ ತೊಡೋದು ಬೇಡ. ಚುನಾವಣೆಗೆ ನಿಲ್ಲೋನು ಸ್ವತಂತ್ರ ಅಭ್ಯರ್ಥಿ, 1947ರಲ್ಲಿ ಬಂದದ್ದು ಸ್ವಾತಂತ್ರ್ಯ. ‘-ವಾದ’ ಸೇರಿಸಿ ನೋಡಿದರೆ ಗೊತ್ತಾಗುತ್ತೆ, ‘ಸ್ವತಂತ್ರವಾದ ದೇಶ’ ಅಂತೀವಿ, ‘ಸ್ವಾತಂತ್ರ್ಯವಾದ ದೇಶ’ ಅನ್ನಲ್ಲ.

ಈಗ ಒಬ್ಬರು ಬಂದೇ ಬರ್ತಾರೆ: ‘ಅರ್ಥ ಆಗುತ್ತಲ್ಲ ಸಾರ್, ಭಾಷೆ ಬದಲಾಗುತ್ತೆ, ಜನ ಆಡೋದೇ ಭಾಷೆ.’ ಸರಿ, ಆ ವಾದಕ್ಕೇ ಬರೋಣ. ಜನ ಆಡೋದೇನು? ‘ಸ್ವಾತಂತ್ರ’. ಯ ಉದುರಿಸ್ತಾರೆ. ನಾನೂ ಆತುರದಲ್ಲಿ ಹಾಗೇ ಅಂತೀನಿ, ಸುಳ್ಳೇಕೆ. ಯಾರಾದರೂ ‘ಸ್ವಾತಂತ್ರ’ ಅಂತ ಬರೆದರೆ ತಿದ್ದುತ್ತೀನೇ ಹೊರತು ಜಗಳಕ್ಕೆ ನಿಲ್ಲಲ್ಲ, ಬಾಯಿಗೆ ನಿಷ್ಠರಾಗಿದ್ದಾರೆ ಅಂತ ಬಿಡ್ತೀನಿ. ಆದರೆ ‘ಸ್ವಾತಂತ್ಯ್ರ’ ಯಾವ ಊರಿನ ಯಾರ ಬಾಯಲ್ಲಿದೆ ತೋರಿಸಿ. ಅದು ಸಂಸ್ಕೃತವೂ ಅಲ್ಲ, ಆಡುಗನ್ನಡವೂ ಅಲ್ಲ. ಅದು ಬರೀ ಕೈತಪ್ಪು. ಕೈತಪ್ಪಿಗೆ ಭಾಷಾವಿಜ್ಞಾನದ ಶಾಲು ಹೊದಿಸಬೇಡಿ.

ಫ್ಲೆಕ್ಸಿನವರನ್ನಷ್ಟೇ ಬೈದರೆ ನ್ಯಾಯ ಆಗಲ್ಲ, ಅರ್ಧ ಪಾಪ ಫಾಂಟುಗಳದ್ದು. ಅಂಗಡಿಗಳಲ್ಲಿ ಇವತ್ತಿಗೂ ‘ನುಡಿ’ ತಂತ್ರಾಂಶದ ಹಳೇ ಆಸ್ಕಿ ಫಾಂಟುಗಳು ನಡೀತಿವೆ. ಅವುಗಳಲ್ಲಿ ಅಕ್ಷರ ಅನ್ನೋದು ಚಿತ್ರದ ತುಂಡುಗಳ ಜೋಡಣೆ. ಫಾಂಟ್ ಬದಲಿಸಿದಾಗ ತೆರೆ ಮೇಲೆ æ ಅಂತ ಕಾಣೋದು ರ ಒತ್ತು, å ಯ ಒತ್ತು, ð ಅರ್ಕಾವತ್ತು. ಎರಡು ಒತ್ತಿನ ತುಂಡುಗಳು ಹಿಂದುಮುಂದಾದರೂ ಸಣ್ಣಕ್ಷರದಲ್ಲಿ ಕಣ್ಣಿಗೆ ಅಷ್ಟಾಗಿ ಬೀಳಲ್ಲ. ಅದೇ ಕಡತವನ್ನ ಯೂನಿಕೋಡ್‌ಗೆ ಪರಿವರ್ತಿಸಿದಾಗ ಅದು ಇದ್ದ ಸಾಲಲ್ಲೇ ಇಳಿದು ‘ತ್ಯ್ರ’ ಆಗುತ್ತೆ.

ಪರಿವರ್ತಕದ ಇನ್ನೊಂದು ಪ್ರತಾಪ ‘ಸಾಮಥ್ರ್ಯ’. ಸರಿಯಾದದ್ದು ‘ಸಾಮರ್ಥ್ಯ’, ರ್ + ಥ್ + ಯ. ಆಸ್ಕಿಯಲ್ಲಿ ಮೊದಲು ಥ, ಆಮೇಲೆ ಯ ಒತ್ತು, ಕೊನೆಗೆ ಅರ್ಕಾವತ್ತು ಇರುತ್ತೆ. ಪರಿವರ್ತಕ ಆ ಅರ್ಕಾವತ್ತನ್ನ ಎತ್ತಿ ಇಡೀ ಗುಂಪಿನ ಮೊದಲಿಗೆ, ಥ ಬರೋಕೂ ಮುಂಚೆ ಹಾಕದೆ, ಒಂದೇ ಹೆಜ್ಜೆ ಹಿಂದಿಟ್ಟು ಥ ಮತ್ತು ಯ ನಡುವೆ ತುರುಕಿದರೆ ಹುಟ್ಟೋದೇ ‘ಥ್ರ್ಯ’. ಸಾಮರ್ಥ್ಯ ಇಲ್ಲದ ಪರಿವರ್ತಕ ಅಂದರೆ ಇದೇ ನೋಡಿ.

ಯೂನಿಕೋಡ್‌ನಲ್ಲಿ ನೇರ ಟೈಪಿಸೋರಿಗೆ ಈ ತಾಪತ್ರಯ ಇಲ್ಲ. ಅಲ್ಲಿ ಉಚ್ಚಾರದ ಸಾಲಲ್ಲೇ ಒತ್ತಬೇಕು, ಮಧ್ಯೆ ಮಧ್ಯೆ ಅರ್ಧಾಕ್ಷರದ ಚಿಹ್ನೆ. ಕಗಪ ಕೀಲಿಮಣೆಯಲ್ಲಿ ಆ ಚಿಹ್ನೆಗೆ f. ‘ಬರಹ’ ತಂತ್ರಾಂಶದ ಲಿಪ್ಯಂತರ ಕ್ರಮದಲ್ಲಿ ಆ ಚಿಹ್ನೆಯನ್ನ ಬೇರೆ ಒತ್ತೋದೂ ಬೇಡ, ಆದರೆ ‘ಸ್ವಾ’ಕ್ಕೆ ದೊಡ್ಡ A ಇಲ್ಲವೇ aa ಬೇಕು. ಮೊದಲ ಎರಡು ಸಾಲು ಕಗಪ, ಮೂರನೇದು ಬರಹ:

```
sfvAtMtfrfy         → ಸ್ವಾತಂತ್ರ್ಯ
sfvAtMtfrfyOtfsv    → ಸ್ವಾತಂತ್ರ್ಯೋತ್ಸವ
svAtaMtrya          → ಸ್ವಾತಂತ್ರ್ಯ
```

ಎರಡನೇ ಸಾಲಿನಲ್ಲಿ ಓಕಾರದ O ಎಲ್ಲಿದೆ ನೋಡಿ. ತೆರೆ ಮೇಲೆ ಅದು ಹೋಗಿ ತ ಮೇಲೆ ಕೂರುತ್ತೆ, ಆದರೆ ಒತ್ತೋದು ಯ ಆದ ಮೇಲೆ. ಕಂಡ ಹಾಗೆ ಒತ್ತೋಕೆ ಹೋಗಿ ತ ಪಕ್ಕದಲ್ಲೇ O ಹಾಕಿದಿರೋ, ‘ತೋ’ ಆಗಿ ನಿಂತು ಮುಂದಿನ ಒತ್ತುಗಳು ದಾರಿ ಕಾಣದೆ ಬೀದಿಗೆ ಬೀಳ್ತವೆ.

ಬರೆದದ್ದು ಸರಿಯಿದೆಯೋ ಇಲ್ಲವೋ ಅನ್ನೋ ಅನುಮಾನಕ್ಕೆ ಕನ್ನಡಕ ಹುಡುಕಬೇಡಿ. ಪದದ ಕೊನೆಗೆ ಹೋಗಿ ಬ್ಯಾಕ್‌ಸ್ಪೇಸ್ ಎರಡು ಸಲ ಒತ್ತಿ. ಸಾಮಾನ್ಯವಾಗಿ ಅದು ಒಂದೊಂದೇ ಸಂಕೇತ ಅಳಿಸುತ್ತೆ, ಮೊದಲು ಕೊನೆಯ ವ್ಯಂಜನ, ಆಮೇಲೆ ಅರ್ಧಾಕ್ಷರದ ಚಿಹ್ನೆ. ಉಳಿದದ್ದು ‘ತ್ರ’ ಆದರೆ ಸರಿಯಾಗಿ ಬರೆದಿದ್ದೀರಿ. ‘ತ್ಯ’ ಉಳಿದರೆ ನನ್ನ ಫ್ಲೆಕ್ಸಿನ ಬಳಗಕ್ಕೆ ಸೇರಿದಿರಿ.

ದೊಡ್ಡ ಕಡತ ತಿದ್ದೋರಿಗೆ ಒಂದು ಅನುಕೂಲ ಇದೆ. ಯ ಒತ್ತಿನ ಬೆನ್ನಿಗೇ ರ ಒತ್ತು ಬರೋ ಕನ್ನಡ ಪದವೊಂದನ್ನೂ ನಾನು ಕಂಡಿಲ್ಲ. ಆದ್ದರಿಂದ ಆ ಜೋಡಿ ಎಲ್ಲಿ ಸಿಕ್ಕರೂ ತಪ್ಪು ಅಂತಲೇ ತಿಳಿದು ಒಟ್ಟಿಗೇ ಬದಲಿಸಬಹುದು. ಪೈಥಾನ್ ಗೊತ್ತಿದ್ದರೆ ಹೀಗೆ:

```
s = s.replace("್ಯ್ರ", "್ರ್ಯ")
s = s.replace("ಥ್ರ್ಯ", "ರ್ಥ್ಯ")
```

ಗೊತ್ತಿಲ್ಲದಿದ್ದರೆ ಯಾವ ಸಂಪಾದಕದಲ್ಲಾದರೂ ಹುಡುಕು-ಬದಲಿಸು ಪೆಟ್ಟಿಗೆಗೆ ಅವನ್ನೇ ಅಂಟಿಸಿ. ಮೊದಲನೇದು ಸ್ವಾತಂತ್ಯ್ರ, ದಾರಿದ್ಯ್ರ, ಪಾವಿತ್ಯ್ರ ಮೂರನ್ನೂ ಒಂದೇ ಏಟಿಗೆ ಸರಿಮಾಡುತ್ತೆ. ಎರಡನೇದು ಸಾಮಥ್ರ್ಯಕ್ಕೆ. ಆ ಎರಡನೇದರಲ್ಲಿ ಥ ಬಿಟ್ಟು ಬರೀ ‘್ರ್ಯ’ ಹುಡುಕಿ ಬದಲಿಸೋ ಸಾಹಸ ಮಾತ್ರ ಬೇಡ, ಈಗಷ್ಟೇ ಸರಿಹೋದ ಸ್ವಾತಂತ್ರ್ಯವೂ ಅದರ ಜೊತೆಗೆ ಕೆಡುತ್ತೆ. ‘ಸ್ವಾತಂರ್ತ್ಯ’ಕ್ಕೆ ಬೇರೆ ಹುಡುಕಬೇಕು, ಅದೂ ಇಡೀ ಪದವನ್ನೇ ಕೊಟ್ಟು. ಬರೀ ‘ರ್ತ್ಯ’ ಕೊಟ್ಟರೆ ‘ಮರ್ತ್ಯ’ ಹೋಗಿ ‘ಮತ್ರ್ಯ’ ಆಗುತ್ತೆ, ಆ ಪಾಪಕ್ಕೆ ನಾನು ಹೊಣೆಯಲ್ಲ.